ಫೈಲಿಗೊಂದು ಹೆಸರು, ಹೆಸರಿಗೊಂದು ಕ್ರಮ

ತೆರಿಗೆ ಸಲಹೆಗಾರರ ಒಂದು ಸಣ್ಣ ಕಚೇರಿಯನ್ನು ನೆನೆದುಕೊಳ್ಳಿ. ಆರೇಳು ಜನ ಕೆಲಸ ಮಾಡುತ್ತಾರೆ. ಒಂದು ಕಂಪ್ಯೂಟರಿನಲ್ಲಿ ಎಲ್ಲರ ಫೈಲುಗಳೂ ಇವೆ, ಉಳಿದವರ ಟೇಬಲ್ಲುಗಳಲ್ಲಿ ಅದೇ ಜಾಗ Z: ಡ್ರೈವ್ ಎಂದು ಕಾಣುತ್ತದೆ. ಜೂನ್ 20, ಮೇ ತಿಂಗಳ GSTR-3B ಸಲ್ಲಿಸಲು ಕೊನೆಯ ದಿನ. ಅಡಿಕೆ ವ್ಯಾಪಾರದ ಪಾರ್ಟಿಯೊಬ್ಬರ ಲೆಕ್ಕ ಬರೆಯುತ್ತಿದ್ದವರು ರಜೆ ಹಾಕಿದ್ದಾರೆ. ಅವರ ಕೆಲಸ ವಹಿಸಿಕೊಂಡವರು ಫೋಲ್ಡರ್ ತೆರೆದರೆ ಕಾಣುವುದು ಇಷ್ಟು:

```
GST final.xlsx
GST final new.xlsx
GST final new (2).xlsx
GST May correct.xlsx
Scan0047.pdf
```

ನಾಲ್ಕೂ ಎಕ್ಸೆಲ್ ಫೈಲುಗಳನ್ನು ತೆರೆದು ನೋಡಬೇಕು. ಎರಡರಲ್ಲಿ ತೆರಿಗೆ ಮೊತ್ತ ಒಂದೇ, ಮಿಕ್ಕ ಎರಡರಲ್ಲಿ ಬೇರೆ ಬೇರೆ. ಯಾವುದನ್ನು ನಂಬಬೇಕು ಎಂದು ಹೇಳಬಲ್ಲವರು ಒಬ್ಬರೇ, ಅವರು ಊರಲ್ಲಿಲ್ಲ. ಈ ಫೈಲುಗಳಿಗೆ ಹೆಸರಿಟ್ಟವರು ಆ ಹೊತ್ತಿಗೆ ತಮಗೆ ಅರ್ಥವಾಗುವಂತೆ ಇಟ್ಟರು. ಹಂಚಿಕೊಂಡ ಕಂಪ್ಯೂಟರಿನಲ್ಲಿ ಅಷ್ಟು ಸಾಲದು. ಫೈಲನ್ನು ಮಾಡದೇ ಇದ್ದವರಿಗೆ, ಅದನ್ನು ತೆರೆಯುವ ಮೊದಲೇ, ಅದು ಏನೆಂದು ತಿಳಿಯಬೇಕು.

ಇಂಥ ಕಚೇರಿಗಳಲ್ಲಿ ಮ್ಯಾನೇಜರ್ ಒಂದು ಸೂಚನೆ ಹೊರಡಿಸುತ್ತಾರೆ. "ಫೈಲುಗಳನ್ನು ಕ್ರಮವಾಗಿ ಇಡತಕ್ಕದ್ದು" ಎಂದಷ್ಟೇ ಬರೆದರೆ ಏನೂ ಬದಲಾಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರ ಕ್ರಮವೂ ಬೇರೆ. ಕೆಲಸಕ್ಕೆ ಬರುವ ಸೂಚನೆ ಹೀಗಿರುತ್ತದೆ:

> ಎಲ್ಲ ಸಿಬ್ಬಂದಿಯ ಗಮನಕ್ಕೆ. ಜುಲೈ 1ರಿಂದ Z: ಡ್ರೈವಿನಲ್ಲಿ ಇಡುವ ಹೊಸ ಫೈಲುಗಳಿಗೆ ಈ ನಿಯಮಗಳು ಅನ್ವಯಿಸುತ್ತವೆ.
>
> 1. ಹೆಸರಿನಲ್ಲಿ ನಾಲ್ಕು ಭಾಗ, ಇದೇ ಕ್ರಮದಲ್ಲಿ: ಪಾರ್ಟಿ ನಂಬರ್, ಕೆಲಸ, ಅವಧಿ, ಆವೃತ್ತಿ. ನಡುವೆ ಅಂಡರ್‌ಸ್ಕೋರ್. ಉದಾಹರಣೆ: `014_GSTR3B_2025-05_v01.xlsx`
> 2. ಅವಧಿಯನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ, ಅಂಕಿಗಳಲ್ಲೇ ಬರೆಯಿರಿ.
> 3. `final`, `new`, `correct` ಎಂಬ ಪದಗಳು ಬೇಡ. ತಿದ್ದಿದಾಗ v02, v03. ಸಲ್ಲಿಸಿ ARN ಬಂದ ಮೇಲೆ ಮಾತ್ರ `FILED`.
> 4. ಫೈಲು ಇರಬೇಕಾದ ಜಾಗ ಒಂದೇ: ಪಾರ್ಟಿ, ಹಣಕಾಸು ವರ್ಷ, ಕೆಲಸ. ಉದಾಹರಣೆ: `Z:\014\2025-26\GST`
> 5. ಯಾವುದನ್ನೂ ಅಳಿಸಬೇಡಿ. ಬೇಡವಾದದ್ದನ್ನು ಅದೇ ಪಾರ್ಟಿಯ `OLD` ಫೋಲ್ಡರಿಗೆ ಹಾಕಿ.

ನಿಯಮಗಳು ಐದೇ. ಒಂದೊಂದರ ಹಿಂದೆಯೂ ಕಾರಣವಿದೆ. ಕಾರಣ ತಿಳಿದವರು ನಿಯಮವನ್ನು ಮರೆಯುವುದಿಲ್ಲ.

ಮೊದಲು ಅವಧಿಯ ವಿಚಾರ. ಕಂಪ್ಯೂಟರ್ ಹೆಸರುಗಳನ್ನು ಜೋಡಿಸುವುದು ಎಡದಿಂದ ಓದುತ್ತ. ತಿಂಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಅಕಾರಾದಿಯಾಗಿ Apr ಆದ ಮೇಲೆ Aug ಬರುತ್ತದೆ, ನಂತರ Dec, Feb, Jan. ಹನ್ನೆರಡು ತಿಂಗಳ ರಿಟರ್ನ್‌ಗಳಲ್ಲಿ ಯಾವುದಾದರೂ ತಪ್ಪಿದೆಯೇ ಎಂದು ಪಟ್ಟಿ ನೋಡಿ ಹೇಳಲಾಗದು. ನಮ್ಮ ರೂಢಿಯಂತೆ ದಿನವನ್ನು ಮುಂದಿಟ್ಟು 02-06-2025 ಎಂದು ಬರೆದರೂ ಕಷ್ಟವೇ, ಎಲ್ಲ ತಿಂಗಳುಗಳ ಎರಡನೇ ತಾರೀಖುಗಳು ಒಂದೆಡೆ ಸೇರಿಕೊಳ್ಳುತ್ತವೆ. ವರ್ಷ ಮುಂದೆ ಬಂದರೆ ಜೋಡಣೆ ತಾನಾಗಿಯೇ ಸರಿಯಾಗುತ್ತದೆ:

```
014_GSTR3B_2025-04_FILED.pdf
014_GSTR3B_2025-05_FILED.pdf
014_GSTR3B_2025-07_FILED.pdf
```

ಜೂನ್ ಇಲ್ಲ ಎಂಬುದು ಮೇಲಿಂದ ಕೆಳಗೆ ಕಣ್ಣಾಡಿಸಿದರೇ ಗೊತ್ತಾಗುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಮ್ಮ ಹಣಕಾಸು ವರ್ಷಕ್ಕೂ ಈ ಕ್ರಮ ಹೊಂದುತ್ತದೆ, ಏಕೆಂದರೆ 2025-12 ಆದ ಮೇಲೆ 2026-01 ಬರುತ್ತದೆ. ತಿಂಗಳಿಗೆ 5 ಎನ್ನದೆ 05 ಎನ್ನುವುದೂ ಇದೇ ಕಾರಣಕ್ಕೆ. ವಿಂಡೋಸ್‌ನ ಫೋಲ್ಡರ್ ಕಿಟಕಿ 2ರ ನಂತರ 10 ಎಂದು ಅರಿತುಕೊಳ್ಳುತ್ತದೆ, ಆದರೆ ಎಲ್ಲ ಸಾಫ್ಟ್‌ವೇರ್‌ಗಳೂ ಹಾಗಲ್ಲ, ಕೆಲವು ಕಡೆ 10 ಮೊದಲು ಬಂದು 2 ಹಿಂದೆ ಬೀಳುತ್ತದೆ. ವರ್ಷ ಮೊದಲು ಬರೆಯುವ ಈ ಪದ್ಧತಿಗೆ 1988ರಿಂದಲೂ ISO 8601 ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಯಾವ ದಿನಾಂಕ ಹಾಕಬೇಕು ಎಂಬ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೇ ತಿಂಗಳ ರಿಟರ್ನ್ ಸಲ್ಲಿಸುವುದು ಜೂನ್‌ನಲ್ಲಿ. ಹೆಸರಿನಲ್ಲಿ ಒಬ್ಬರು ಮೇ, ಇನ್ನೊಬ್ಬರು ಜೂನ್ ಬರೆದರೆ ಒಂದೇ ತಿಂಗಳಿಗೆ ಎರಡು ಫೈಲು ಇದ್ದಂತೆ ತೋರುತ್ತದೆ. ಹಾಗಾಗಿ ಬರೆಯಬೇಕಾದದ್ದು ಲೆಕ್ಕ ಯಾವ ತಿಂಗಳದ್ದೋ ಅದು, ಕೆಲಸ ಮಾಡಿದ ದಿನವಲ್ಲ. ಇಲಾಖೆಯಿಂದ ಬಂದ ಪತ್ರವಾದರೆ ಪತ್ರದ ಮೇಲಿರುವ ದಿನಾಂಕ. ಕಿಟಕಿಯ ಬದಿಯಲ್ಲಿ ಕಾಣುವ Date modified ಇದಕ್ಕೆ ಆಸರೆಯಾಗದು. ಫೈಲು ತೆರೆದು ಒಂದು ಅಕ್ಷರ ತಿದ್ದಿ ಉಳಿಸಿದರೆ ಸಾಕು, ಅದು ಇಂದಿನ ದಿನಕ್ಕೆ ಬದಲಾಗುತ್ತದೆ.

ವರ್ಷದ ಫೋಲ್ಡರಿನಲ್ಲಿ ಇನ್ನೊಂದು ಗೊಂದಲವಿದೆ, ತೆರಿಗೆ ಕಚೇರಿಗಳಲ್ಲಿ ಇದು ಎಲ್ಲರಿಗೂ ಪರಿಚಿತ. 2024-25ರಲ್ಲಿ ಗಳಿಸಿದ ಆದಾಯದ ತೆರಿಗೆಗೆ ಅಸೆಸ್‌ಮೆಂಟ್ ವರ್ಷ 2025-26. ಜಿಎಸ್‌ಟಿ ನೋಡುವವರು `2025-26` ಎಂದರೆ ಹಣಕಾಸು ವರ್ಷ, ಆದಾಯ ತೆರಿಗೆ ನೋಡುವವರು ಅದೇ `2025-26` ಎಂದರೆ ಅಸೆಸ್‌ಮೆಂಟ್ ವರ್ಷ ಎಂದುಕೊಂಡರೆ, ಒಂದೇ ಹೆಸರಿನ ಫೋಲ್ಡರಿನೊಳಗೆ ಎರಡು ವರ್ಷಗಳ ಕಾಗದ ಸೇರುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕವಿರುವ ಹೊಸ ಆದಾಯ ತೆರಿಗೆ ಕಾಯ್ದೆ ಅಸೆಸ್‌ಮೆಂಟ್ ವರ್ಷದ ಬದಲು ತೆರಿಗೆ ವರ್ಷ ಎಂಬುದನ್ನು ತಂದಿದೆ, ಆದರೆ ಹಳೆಯ ವರ್ಷಗಳ ಕಡತಗಳಲ್ಲಿ ಗೊಂದಲ ಉಳಿದೇ ಇರುತ್ತದೆ. ಆದ್ದರಿಂದ ಸೂಚನೆಯ ನಾಲ್ಕನೇ ನಿಯಮದಲ್ಲಿ ಹಣಕಾಸು ವರ್ಷ ಎಂದು ಬಿಡಿಸಿ ಹೇಳಿರುವುದು ಮುಖ್ಯ.

ಹೆಸರಿನಲ್ಲಿ ಬಳಸುವ ಚಿಹ್ನೆಗಳ ಮಾತೂ ಇಲ್ಲೇ ಬರುತ್ತದೆ. ನಮ್ಮ ಬಿಲ್ ನಂಬರುಗಳಲ್ಲಿ ಓರೆಗೆರೆ ಸಾಮಾನ್ಯ. ಆದರೆ ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರದಂಥ ಚಿಹ್ನೆಗಳನ್ನು ಹಾಕಲು ಬರುವುದಿಲ್ಲ. ಒಬ್ಬರು ಅಡ್ಡಗೆರೆ, ಇನ್ನೊಬ್ಬರು ಖಾಲಿ ಜಾಗ ಹಾಕಿದರೆ ಆಮೇಲೆ ಹುಡುಕುವಾಗ ಸಿಗದು. ಕನ್ನಡದಲ್ಲಿ ಹೆಸರಿಡಬಹುದೇ? ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಖಂಡಿತ ಇಡಬಹುದು, ಕನ್ನಡದಲ್ಲೇ ವ್ಯವಹರಿಸುವ ಶಾಲೆ, ಸಹಕಾರ ಸಂಘಗಳಿಗೆ ಅದೇ ಸಹಜ. ಆದರೆ ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದರೆ ವರ್ಡ್‌ನೊಳಗೆ ಕನ್ನಡವಾಗಿ ಕಂಡದ್ದು ಫೈಲಿನ ಹೆಸರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಕನ್ನಡದ ಹೆಸರಿದ್ದರೂ ದಿನಾಂಕದ ಅಂಕಿಗಳು 0ಯಿಂದ 9ರವೇ ಇರಲಿ. ಕೆಲವರು ಕನ್ನಡ ಅಂಕಿ, ಕೆಲವರು ಇವನ್ನು ಬಳಸಿದರೆ ಜೋಡಣೆಯ ಸಾಲು ಕೆಡುತ್ತದೆ.

ಇನ್ನು `final new (2)` ಎಂಬುದು ಹುಟ್ಟುವುದು ಹೇಗೆ? ಒಬ್ಬರು ಎಕ್ಸೆಲ್ ಫೈಲು ತೆರೆದಿಟ್ಟು ಊಟಕ್ಕೆ ಹೋಗಿದ್ದಾರೆ. ಅದೇ ಫೈಲನ್ನು ಇನ್ನೊಂದು ಟೇಬಲ್ಲಿನಿಂದ ತೆರೆದರೆ, ಬೇರೆಯವರು ಬಳಸುತ್ತಿದ್ದಾರೆ, ಓದಲು ಮಾತ್ರ ಸಾಧ್ಯ ಎಂಬ ಸಂದೇಶ ಬರುತ್ತದೆ. "ಸರ್, ಫೈಲು ರೀಡ್ ಓನ್ಲಿ ಅಂತಿದೆ, ಬೇರೆ ಹೆಸರಲ್ಲಿ ಸೇವ್ ಮಾಡ್ಲಾ?" ಎಂದು ಕಿರಿಯರು ಕೇಳುತ್ತಾರೆ. ಆತುರದಲ್ಲಿ "ಮಾಡಿ ಬಿಡಮ್ಮ" ಎಂಬ ಉತ್ತರ ಬರುತ್ತದೆ. ಆ ಕ್ಷಣದಿಂದ ಒಂದೇ ಲೆಕ್ಕಕ್ಕೆ ಎರಡು ಪ್ರತಿ. ಊಟದಿಂದ ಬಂದವರು ಹಳೆಯದರಲ್ಲೇ ಬಿಲ್ಲುಗಳನ್ನು ಸೇರಿಸುತ್ತಾರೆ, ಇವರು ಹೊಸದರಲ್ಲಿ ತಿದ್ದುತ್ತಾರೆ. ಸಂಜೆಗೆ ಎರಡೂ ಅರೆಬರೆ ಸರಿ. ಇದಕ್ಕೆ ಮದ್ದು ಎರಡು. ಕೆಲಸ ಬಿಟ್ಟು ಎದ್ದಾಗ ಫೈಲು ಮುಚ್ಚಬೇಕು. ಓದಲು ಮಾತ್ರ ಎಂದು ಬಂದರೆ ಪ್ರತಿ ಮಾಡದೆ, ತೆರೆದಿಟ್ಟವರನ್ನು ಕರೆದು ಮುಚ್ಚಿಸಬೇಕು. ನಿಜಕ್ಕೂ ತಿದ್ದುಪಡಿ ಆದಾಗ ಮಾತ್ರ v02. ಆಗ ದೊಡ್ಡ ಸಂಖ್ಯೆಯೇ ಇತ್ತೀಚಿನದು ಎಂಬುದರಲ್ಲಿ ಅನುಮಾನವಿರುವುದಿಲ್ಲ. `FILED` ಎಂಬ ಪದ ಯಾರ ಅಭಿಪ್ರಾಯವೂ ಅಲ್ಲ. ಪೋರ್ಟಲ್ ಸ್ವೀಕೃತಿ ಸಂಖ್ಯೆಯಾದ ARN ಕೊಟ್ಟಿದೆ ಎಂಬುದಕ್ಕಷ್ಟೇ ಅದು ಗುರುತು.

ಅಳಿಸುವ ವಿಷಯದಲ್ಲಿ ಸೂಚನೆ ಬಿಗಿಯಾಗಿರುವುದು ಸರಿಯೇ. ನಮ್ಮದೇ ಕಂಪ್ಯೂಟರಿನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ನಲ್ಲಿ ಸಿಗುತ್ತದೆ ಎಂಬ ಅಭ್ಯಾಸ ಎಲ್ಲರಿಗೂ ಇದೆ. ನೆಟ್‌ವರ್ಕ್ ಮೂಲಕ ತೆರೆದ Z: ಡ್ರೈವಿನಿಂದ ಅಳಿಸಿದರೆ ಸಾಮಾನ್ಯವಾಗಿ ಅದು ಬಿನ್‌ಗೆ ಬರುವುದಿಲ್ಲ, ನೇರ ಹೋಗಿಬಿಡುತ್ತದೆ. ಶಾಶ್ವತವಾಗಿ ಅಳಿಸಲೇ ಎಂದು ವಿಂಡೋಸ್ ಕೇಳುವ ಪ್ರಶ್ನೆಯನ್ನು ಓದದೆ Yes ಒತ್ತುವವರೇ ಹೆಚ್ಚು. ಕಾನೂನಿನ ಕಟ್ಟೂ ಇದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ವಾರ್ಷಿಕ ರಿಟರ್ನ್‌ಗೆ 2024ರ ಡಿಸೆಂಬರ್ 31 ಗಡುವು, ಹಾಗಾದರೆ ಆ ವರ್ಷದ ಕಾಗದ 2030ರ ಡಿಸೆಂಬರ್ ಕೊನೆಯವರೆಗೂ ಇರಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಅದು ಇತ್ಯರ್ಥವಾಗಿ ಒಂದು ವರ್ಷದವರೆಗೆ ಅಥವಾ ಈ 72 ತಿಂಗಳು, ಎರಡರಲ್ಲಿ ಯಾವುದು ತಡವೋ ಅದು. ವರ್ಷವಾರು ಫೋಲ್ಡರ್ ಇದ್ದರೆ ಯಾವುದರ ಅವಧಿ ಮುಗಿದಿದೆ ಎಂದು ತಿಳಿಯುವುದೂ ಸುಲಭ.

ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿದ್ದರೆ, ಹೆಸರು ಎಷ್ಟೇ ಚೆನ್ನಾಗಿದ್ದರೂ, ಅದರ ಡಿಸ್ಕ್ ಕೆಟ್ಟ ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಬ್ಯಾಕಪ್ ಯಾರ ಹೊಣೆ, ಯಾವ ದಿನ ಎಂಬ ಸಾಲನ್ನೂ ಮ್ಯಾನೇಜರ್ ಸೇರಿಸಬೇಕು. ಬಾಹ್ಯ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದ ಮೇಲೆ ಅದನ್ನು ಕಿತ್ತು ಬೇರೆಡೆ ಇಡಬೇಕು. ಸದಾ ಸಿಕ್ಕಿಸಿಯೇ ಇಟ್ಟರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಆ ಪ್ರತಿಗೂ ಬೀಗ ಬೀಳುತ್ತದೆ.

ಹಳೆಯ ಸಾವಿರಾರು ಫೈಲುಗಳ ಗತಿ? ಅವನ್ನೆಲ್ಲ ಒಂದೇ ಸಲ ಹೆಸರು ಬದಲಿಸಲು ಹೊರಡುವುದು ಅಪಾಯ. ಒಂದು ಎಕ್ಸೆಲ್ ಫೈಲು ಇನ್ನೊಂದರಿಂದ ಅಂಕಿ ತರುವಂತೆ ಲಿಂಕ್ ಮಾಡಿದ್ದರೆ, ಹೆಸರು ಅಥವಾ ಜಾಗ ಬದಲಾದಾಗ ಆ ಲಿಂಕ್ ಕಡಿಯಬಹುದು. ಆಗ ಹಳೆಯ ಅಂಕಿಯೇ ಉಳಿದುಕೊಂಡು ಯಾರ ಗಮನಕ್ಕೂ ಬಾರದೆ ಹೋಗಬಹುದು. ಸೂಚನೆ "ಜುಲೈ 1ರಿಂದ ಹೊಸ ಫೈಲುಗಳಿಗೆ" ಎಂದದ್ದು ಇದಕ್ಕೇ. ಹಳೆಯದರ ಕೆಲಸ ಬಂದಾಗ ಅದೊಂದನ್ನು, ಲಿಂಕ್ ನೋಡಿಕೊಂಡು, ಬದಲಿಸಿದರೆ ಸಾಕು.

ನಿಯಮ ನಿಂತಿದೆಯೇ ಎಂದು ತಿಳಿಯಲು ತಿಂಗಳ ಕೊನೆಗೆ ಮ್ಯಾನೇಜರ್ ಒಂದು ಪರೀಕ್ಷೆ ಮಾಡಬಹುದು. ಯಾವುದಾದರೊಂದು ಪಾರ್ಟಿ ನಂಬರ್, ಯಾವುದಾದರೊಂದು ತಿಂಗಳು ಹೇಳಿ, ಆ ಪಾರ್ಟಿಯ ಕೆಲಸ ಎಂದೂ ಮಾಡದವರಿಂದ ಸಲ್ಲಿಸಿದ ರಿಟರ್ನ್ ತೆಗೆಸಬೇಕು. ಯಾರನ್ನೂ ಕೇಳದೆ, ಒಂದು ಫೈಲನ್ನೂ ಸುಮ್ಮನೆ ತೆರೆಯದೆ, ನೇರ ಅದನ್ನೇ ತೆಗೆದರೆ ನಿಯಮ ಕೆಲಸ ಮಾಡಿದೆ. ತಡಕಾಡಿದರೆ ಯಾವ ಹಂತದಲ್ಲಿ ತಡಕಾಡಿದರು ಎಂದು ನೋಡಿ ಸೂಚನೆಯ ಆ ಸಾಲನ್ನು ತಿದ್ದಬೇಕು. ಅನೇಕ ಸಲ ತಪ್ಪು ಸಿಬ್ಬಂದಿಯದಲ್ಲ, ಎರಡು ಅರ್ಥ ಬರುವಂತೆ ಬರೆದ ನಿಯಮದ್ದು.