ಕೊನೆಯ ಪಂಕ್ತಿ

1893ರಲ್ಲಿ ಅಮೆರಿಕದ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿ ದಿವಾಳಿಯಾಯಿತು. ಮೂರು ವರ್ಷ ನ್ಯಾಯಾಲಯದ ಸುಪರ್ದಿಯಲ್ಲಿದ್ದು, 1896ರಲ್ಲಿ ಹರಾಜಿಗೆ ಬಂತು. ಹರಾಜು ಬಹಿರಂಗವಾಗಿಯೇ ನಡೆಯಿತು. ಆದರೆ ಸಾವಿರಾರು ಮೈಲಿ ಹಳಿಯನ್ನು ರೊಕ್ಕ ಎಣಿಸಿ ಕೊಳ್ಳಬಲ್ಲ ಹೊರಗಿನವನು ಅಂದಿನ ಅಮೆರಿಕದಲ್ಲಿ ಎಲ್ಲಿದ್ದ? ಬೆಲೆ ಕೂಗಿದ್ದು ಕಂಪನಿಯ ಬಾಂಡ್‌ದಾರರು ಮತ್ತು ಷೇರುದಾರರು ಮೊದಲೇ ಕೂತು ಒಪ್ಪಂದ ಮಾಡಿಕೊಂಡಿದ್ದ ಗುಂಪು. ಆರು ಕೋಟಿ ಹದಿನೈದು ಲಕ್ಷ ಡಾಲರಿಗೆ ಹರಾಜು ಅವರ ಹೆಸರಿಗೇ ನಿಂತಿತು.

ಒಪ್ಪಂದ ಹೀಗಿತ್ತು. ಹೊಸ ಕಂಪನಿಯೊಂದನ್ನು ಕಟ್ಟಬೇಕು. ಹಳೆಯ ಬಾಂಡ್ ತಂದವರಿಗೆ ಅದರಲ್ಲಿ ಹೊಸ ಬಾಂಡ್ ಸಿಗಬೇಕು. ಹಳೆಯ ಷೇರುದಾರರೂ ಒಳಗೆ ಬರಬಹುದು, ಆದರೆ ಆದ್ಯತಾ ಷೇರಿಗೆ 10 ಡಾಲರ್, ಸಾಮಾನ್ಯ ಷೇರಿಗೆ 15 ಡಾಲರ್ ಕೈಯಿಂದ ಹಾಕಬೇಕು. ಬಾಂಡ್‌ದಾರರು ಇದಕ್ಕೆ ಒಪ್ಪಿದ್ದು ಔದಾರ್ಯದಿಂದಲ್ಲ. ರೈಲು ಮತ್ತೆ ಓಡಲು ನಗದು ಬೇಕಿತ್ತು, ದಿವಾಳಿ ಕಂಪನಿಗೆ ಹೊಸಬರು ಯಾರೂ ನಗದು ಕೊಡುವುದಿಲ್ಲ. ಹಾಕಿದ ದುಡ್ಡು ಪೂರ್ತಿ ಮುಳುಗಬಾರದೆಂಬ ಆಸೆಯಿದ್ದ ಹಳೆಯ ಷೇರುದಾರನೊಬ್ಬನೇ ಇನ್ನಷ್ಟು ಹಾಕಬಲ್ಲವನು.

ಈ ಏರ್ಪಾಡಿನಲ್ಲಿ ಎರಡು ತುದಿಯವರೂ ಉಂಡರು, ನಡುವಿನವರು ಹಸಿದರು. ನಡುವಿನವರೆಂದರೆ ಅಡಮಾನವಿಲ್ಲದೆ ಸಾಲ ಕೊಟ್ಟವರು, ಸಾಮಾನು ಪೂರೈಸಿ ಬಿಲ್ಲು ಹಿಡಿದು ಕಾದವರು. ಅವರಿಗೆ ಹೇಳಿದ ಸಮಾಧಾನ ಸರಳವಾಗಿತ್ತು: ಹರಾಜಿನ ಹಣ ಅಡಮಾನದ ಸಾಲಕ್ಕೇ ಸಾಲಲಿಲ್ಲ, ನಿಮಗೇನು ಉಳಿಯುತ್ತದೆ?

ಹಾಗೆ ಉಳಿದವರಲ್ಲಿ ಸ್ಪಾಲ್ಡಿಂಗ್ ಎಂಬವನೊಬ್ಬ. ನಾರ್ದರ್ನ್ ಪೆಸಿಫಿಕ್ ಮುಂದೆ ನುಂಗಿಹಾಕಿದ ಐಡಹೊ ಗಣಿ ಸೀಮೆಯ ಸಣ್ಣ ರೈಲು ಕಂಪನಿಯೊಂದರಿಂದ ಅವನಿಗೆ 1880ರ ದಶಕದ ಬಾಕಿ ಬರಬೇಕಿತ್ತು. ಆ ಬಾಕಿಯ ಹಕ್ಕು ಬಾಯ್ಡ್ ಎಂಬವನ ಕೈಗೆ ಬಂತು. ಹರಾಜಾಗಿ ಹತ್ತು ವರ್ಷವಾದ ಮೇಲೆ, 1906ರಲ್ಲಿ, ಬಾಯ್ಡ್ ಹೊಸ ಕಂಪನಿಯ ಮೇಲೇ ದಾವೆ ಹೂಡಿದ. ಹಳೆಯ ಕಂಪನಿಯ ಸಾಲಕ್ಕೂ ನಮಗೂ ಸಂಬಂಧವಿಲ್ಲ, ನಾವು ಹರಾಜಿನಲ್ಲಿ ಕೊಂಡವರು ಎಂದು ಕಂಪನಿ ವಾದಿಸಿತು.

1913ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಲಮಾರ್ ಈ ವಾದದ ಬೆನ್ನು ಮುರಿದದ್ದು ಕಂಪನಿಯದೇ ಅಂಕಿಯಿಂದ. ಆರು ಕೋಟಿ ಚಿಲ್ಲರೆಗೆ ಕೂಗಿದ ಆಸ್ತಿಯ ಮೇಲೆ ತಿಂಗಳೊಳಗೆ ಹೊಸ ಕಂಪನಿ 19 ಕೋಟಿ ಡಾಲರ್ ಬಾಂಡು, 15.5 ಕೋಟಿ ಡಾಲರ್ ಷೇರು ಹೊರಡಿಸಿತ್ತು. ಹಾಗಿದ್ದ ಮೇಲೆ ಹರಾಜಿನ ಬೆಲೆಯನ್ನು ತೋರಿಸಿ ಏನೂ ಉಳಿದಿರಲಿಲ್ಲ ಎನ್ನುವುದು ಹೇಗೆ? ಅವರು ಅಲ್ಲಿಗೂ ನಿಲ್ಲಲಿಲ್ಲ. ಆಸ್ತಿಯ ನಿಜಬೆಲೆ ಎಷ್ಟೇ ಇರಲಿ, ಹಳೆಯ ಷೇರುದಾರನಿಗೆ ಹಳೆಯ ಷೇರಿನ ಬಲದ ಮೇಲೆ ಏನಾದರೂ ಸಿಕ್ಕಿದೆಯೆಂದರೆ ಕೊಡಲು ಏನೋ ಇತ್ತೆಂದೇ ಅರ್ಥ. ಅದು ಇಂದಿನ ಲಾಭವಾಗಲಿ, ನಾಳೆಯ ನಿರೀಕ್ಷೆಯಾಗಲಿ, ಬರಿಯ ಹಿಡಿತವಾಗಲಿ, ಮೊದಲು ಸಾಲ ಕೊಟ್ಟವನದು ಎಂದರು. ಬಾಯ್ಡ್‌ನ ಬಾಕಿ ಹೊಸ ಕಂಪನಿಯ ತಲೆಗೆ ಬಿತ್ತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಂದೇ ಮತ ಆಚೀಚೆಯಾಗಿದ್ದರೆ ದಿವಾಳಿ ಕಾನೂನಿನ ಈ ಅಧ್ಯಾಯವೇ ಬೇರೆಯಾಗುತ್ತಿತ್ತು.

ಮದುವೆಮನೆಯ ಕೊನೆಯ ಪಂಕ್ತಿಯ ಲೆಕ್ಕವೇ ಷೇರುದಾರನದು. ಉಳಿದರೆ ಎಷ್ಟು ಉಳಿದರೂ ಅವನದೇ, ಅದಕ್ಕೇ ಏಳ್ಗೆಯ ಕಾಲದಲ್ಲಿ ಅವನು ಬಾಂಡ್‌ದಾರನಿಗಿಂತ ಹೆಚ್ಚು ಗಳಿಸುವುದು. ಮುಗಿದರೆ ಕೈ ತೊಳೆದು ಏಳಬೇಕು. ಮೊದಲ ಪಂಕ್ತಿಯ ಎಲೆ ಇನ್ನೂ ಖಾಲಿ ಇರುವಾಗ ಅವನ ಎಲೆಗೆ ಪಾಯಸ ಬಿದ್ದಿದೆಯೆಂದರೆ ಬಡಿಸುವವರಲ್ಲಿ ಏನೋ ಹೊಂದಾಣಿಕೆ ಆಗಿದೆ.

ಹಾಗಾದರೆ ಮೊದಲ ಪಂಕ್ತಿಯವರೇ ಬಡಿಸಿ ಎಂದು ಒಪ್ಪಿದರೆ? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ 26 ವರ್ಷ ಬೇಕಾಯಿತು. ಲಾಸ್ ಏಂಜಲೀಸ್ ಲಂಬರ್ ಪ್ರಾಡಕ್ಟ್ಸ್ ಎಂಬ ಕಂಪನಿಯ ಕೈಯಲ್ಲಿದ್ದ ಮುಖ್ಯ ಆಸ್ತಿ ಒಂದು ಹಡಗುಕಟ್ಟೆ. ಬಾಂಡ್‌ದಾರರಿಗೆ ಬಡ್ಡಿ ಸೇರಿ 38 ಲಕ್ಷ ಡಾಲರ್ ಬರಬೇಕು; ಇರುವ ಆಸ್ತಿ 8,30,000 ಡಾಲರ್. ಅಂದರೆ 100 ಡಾಲರ್ ಬರಬೇಕಾದವನಿಗೆ ಎಲ್ಲ ಗೋರಿದರೂ 22 ಡಾಲರ್ ಸಿಗುತ್ತದೆ. ಷೇರಿನ ಕೆಳಗೆ ನೆಲವೇ ಇಲ್ಲ. ಆದರೂ ಯೋಜನೆಯಲ್ಲಿ ಒಂದು ಡಾಲರ್ ಮುಖಬೆಲೆಯ ಹೊಸ ಷೇರುಗಳಲ್ಲಿ 6,41,375 ಬಾಂಡ್‌ದಾರರಿಗೆ, 1,88,625 ಹಳೆಯ ಷೇರುದಾರರ ಒಂದು ವರ್ಗಕ್ಕೆ, ಅದೂ ಹೊಸದಾಗಿ ಬಿಡಿಗಾಸು ಹಾಕದೆ. ಮುಖಬೆಲೆಯ ಲೆಕ್ಕದಲ್ಲಿ ಬಾಂಡ್‌ದಾರನ 22 ಡಾಲರ್ 17ಕ್ಕೆ ಇಳಿಯಿತು.

ಕೊಟ್ಟ ಕಾರಣಗಳು ಇವು: ಹಳೆಯ ಷೇರುದಾರರಿಗೆ ಉದ್ಯಮದ ಅನುಭವವಿದೆ, ಊರಿನಲ್ಲಿ ಮರ್ಯಾದೆಯಿದೆ, ಅವರಿದ್ದರೆ ಆಡಳಿತ ಕದಲುವುದಿಲ್ಲ. ಬಾಂಡ್‌ಗಳಲ್ಲಿ ನೂರಕ್ಕೆ 92ಕ್ಕೂ ಹೆಚ್ಚು ಭಾಗ ಒಪ್ಪಿತ್ತು. ಕೆಳಗಿನ ಎರಡು ನ್ಯಾಯಾಲಯಗಳೂ ಒಪ್ಪಿದವು. 18,500 ಡಾಲರಿನ ಬಾಂಡ್ ಹಿಡಿದಿದ್ದ ಕೇಸ್ ಮತ್ತು ಅವನ ಜೊತೆಗಾರ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು.

1939ರ ನವೆಂಬರಿನಲ್ಲಿ ತೀರ್ಪು ಬರೆದವರು ವಿಲಿಯಂ ಡಗ್ಲಸ್. ಅದೇ ವರ್ಷ ಕೋರ್ಟಿಗೆ ಬರುವ ಮೊದಲು ಅವರು ಷೇರುಪೇಟೆಯ ನಿಯಂತ್ರಣ ಆಯೋಗದ ಅಧ್ಯಕ್ಷರಾಗಿದ್ದವರು. ಇಂಥ ಒಪ್ಪಂದಗಳ ಒಳಹೂರಣ ಬಲ್ಲವರು. ಯೋಜನೆ ನ್ಯಾಯೋಚಿತವಾಗಿರಬೇಕೆಂದು ಶಾಸನ ಹೇಳಿರುವಾಗ ಬಹುಮತ ಆ ಜಾಗವನ್ನು ತುಂಬಲಾರದು ಎಂದರು. ಷೇರುದಾರ ಒಳಗೆ ಬರಬೇಕಾದರೆ ಹೊಸ ಹಣ, ಇಲ್ಲವೆ ಹಣಕ್ಕೆ ಸಮನಾದದ್ದನ್ನು ತರಬೇಕು, ತಂದಷ್ಟಕ್ಕೆ ತಕ್ಕಷ್ಟೇ ಪಾಲು. ಅನುಭವ, ಪ್ರತಿಷ್ಠೆಗಳು ಆಸ್ತಿಪಟ್ಟಿಯಲ್ಲಿ ಬರೆಯಬಹುದಾದವಲ್ಲ. ಯೋಜನೆ ಬಿದ್ದುಹೋಯಿತು.

ಈ ನಿಯಮ ಅಷ್ಟೇ ಬಿಗಿಯಾಗಿ ಉಳಿಯಲಿಲ್ಲ, ಉಳಿಯಬೇಕಾಗಿಯೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಬ್ಬ ಹಟಮಾರಿಯ ಕೈಯಲ್ಲಿ ಇಡೀ ಕಂಪನಿಯನ್ನು ಒತ್ತೆಯಿಟ್ಟರೆ ಉಳಿದ ಸಾಲದಾತರಿಗೂ ನಷ್ಟವೇ. 1978ರ ಅಮೆರಿಕದ ಕಾನೂನಿನಲ್ಲಿ ಒಂದು ವರ್ಗದಲ್ಲಿ ಮತ ಹಾಕಿದ ಸಾಲದಾತರು ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಮೊತ್ತದಲ್ಲಿ ಕನಿಷ್ಠ ಮೂರನೇ ಎರಡು ಭಾಗ ಒಪ್ಪಿದರೆ ಆ ವರ್ಗ ತನ್ನ ಸರದಿಯನ್ನು ಬಿಟ್ಟುಕೊಡಬಹುದು. ವರ್ಗವೇ ತಿರಸ್ಕರಿಸಿದರೆ ಮಾತ್ರ ಹಳೆಯ ನಿಯಮ ಎದ್ದು ನಿಲ್ಲುತ್ತದೆ.

ನಮ್ಮ 2016ರ ದಿವಾಳಿ ಸಂಹಿತೆಯ 53ನೇ ಕಲಮು ಕಂಪನಿ ಮುಚ್ಚುವಾಗಿನ ಸರದಿಯನ್ನು ಬರೆದೇ ಇಟ್ಟಿದೆ. ಪ್ರಕ್ರಿಯೆಯ ಖರ್ಚಿನಿಂದ ಅದು ಶುರು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಸಾಲ ಒಂದೇ ಸಾಲಿನಲ್ಲಿ. ಇಳಿಯುತ್ತ ಹೋಗಿ ತಳದಲ್ಲಿ ಆದ್ಯತಾ ಷೇರು, ಅದಕ್ಕೂ ಕೆಳಗೆ ಸಾಮಾನ್ಯ ಷೇರು. ಕಂಪನಿಯನ್ನು ಮುಚ್ಚದೆ ಹೊಸ ಮಾಲೀಕನಿಗೆ ಕೊಟ್ಟಾಗಲೂ ತಳದವರ ಪಾಡು ಹೆಚ್ಚು ಬದಲಾಗುವುದಿಲ್ಲ. ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿಯ ಮೇಲೆ ಸುಮಾರು 87,000 ಕೋಟಿ ರೂಪಾಯಿಯ ಬೇಡಿಕೆಗಳಿದ್ದವು, ಸಾಲ ಕೊಟ್ಟವರಿಗೆ ದಕ್ಕಿದ್ದು ಸುಮಾರು 38,000 ಕೋಟಿ. ಬಾಂಡ್ ಹಿಡಿದವರೂ ಠೇವಣಿ ಇಟ್ಟವರೂ ಕಳೆದುಕೊಂಡರು. ಸಾಲ ಕೊಟ್ಟವನಿಗೇ ರೂಪಾಯಿಗೆ ನಲವತ್ತೈದು ಪೈಸೆಯೂ ಪೂರ್ತಿ ಬರದಿರುವಾಗ ಷೇರಿನ ಲೆಕ್ಕವನ್ನು ಕಾಗದ ಹಿಡಿದು ಮಾಡಬೇಕಾಗಿರಲಿಲ್ಲ. ಆದರೂ 2021ರ ಜೂನ್‌ನಲ್ಲಿ ಪೇಟೆಯಿಂದ ತೆಗೆಯುವವರೆಗೂ ಆ ಷೇರು ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇತ್ತು. ಯೋಜನೆಯಲ್ಲಿ ಅದಕ್ಕೆ ಬರೆದಿದ್ದ ಬೆಲೆ ಸೊನ್ನೆ.