ಈ ಶನಿವಾರ ಬೇಡ, ಮುಂದಿನ ಶನಿವಾರ

ಹುಡುಗಿ ಶಿರಸಿಯವಳು, ಜಯನಗರದ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ಹುಡುಗ ಹಾಸನದವನು, ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇಬ್ಬರಿಗೂ ಮೂವತ್ತರ ಆಸುಪಾಸು. ಈ ಇಬ್ಬರೂ ಕಟ್ಟುಕತೆಯ ಪಾತ್ರಗಳು, ಹಾಗಾಗಿ ಹೆಸರಿಟ್ಟಿಲ್ಲ. ಆದರೆ ಡೇಟಿಂಗ್ ಆ್ಯಪ್ ಬಳಸಿದವರಿಗೆ ಇವರ ಗುರುತು ಸಿಗದೇ ಇರಲಾರದು.

ಆ್ಯಪ್‌ನಲ್ಲಿ ಅವಳ ಫೋಟೊ ಅವನಿಗೆ, ಅವನದು ಅವಳಿಗೆ ಹಿಡಿಸಿತು, ‘ಮ್ಯಾಚ್’ ಆಯಿತು. ಮೊದಲ ವಾರ ‘ನೀವು’, ಎರಡನೇ ವಾರ ‘ನೀನು’. ಹನ್ನೊಂದರ ಮೇಲೂ ಮೆಸೇಜು ಹರಿದಾಡತೊಡಗಿತು. ಅಪ್ಪನ ಸಕ್ಕರೆ ಕಾಯಿಲೆ, ಪಿಜಿಯ ಸಾರು, ಉತ್ತರ ಪತ್ರಿಕೆಯಲ್ಲಿ ಸಿಕ್ಕ ತಮಾಷೆ, ಎಲ್ಲವೂ ಬಂತು. ಮೂರನೇ ಶನಿವಾರ ಲಾಲ್‌ಬಾಗಿನ ಪಶ್ಚಿಮ ದ್ವಾರದ ಹತ್ತಿರ ಸಿಗುವುದೆಂದಾಯಿತು. ಮಧ್ಯಾಹ್ನ ಮೂರಕ್ಕೆ ಅವನ ಮೆಸೇಜು: ‘ಇಲ್ಲಿ ವಿಪರೀತ ಮಳೆ. ಮುಂದಿನ ವಾರ ನೋಡೋಣ್ವಾ?’ ಮುಂದಿನ ವಾರ ಅವಳಿಗೆ ಗಂಟಲು ನೋವು. ಅದರ ಮುಂದಿನ ವಾರ ಇಬ್ಬರೂ ಭೇಟಿಯ ಸುದ್ದಿಯನ್ನೇ ಎತ್ತಲಿಲ್ಲ. ಮೆಸೇಜು ಮಾತ್ರ ನಿಲ್ಲಲಿಲ್ಲ.

ಇಷ್ಟವಿಲ್ಲದವರು ಹೀಗೆ ಮುಂದೂಡುತ್ತಾರೆ ಎಂದುಕೊಳ್ಳುವುದು ಸಹಜ. ಆದರೆ ಇಷ್ಟ ಹೆಚ್ಚಾದದ್ದೇ ಇವರ ತೊಂದರೆ. ಅವಳು ಹಾಕಿದ ಫೋಟೊ ತಂಗಿಯ ಮದುವೆಯದು, ಮೂರು ವರ್ಷ ಹಳೆಯದು. ಅವನ ನಾಲ್ಕು ಫೋಟೊಗಳಲ್ಲಿ ಮೂರರಲ್ಲಿ ತಲೆ ಮೇಲೆ ಟೋಪಿ ಇದೆ, ಯಾಕೆಂದರೆ ಮುಂದಲೆಯ ಕೂದಲು ಹಿಂದೆ ಸರಿದಿದೆ. ಇವೆಲ್ಲ ಸಣ್ಣ ವಿಷಯ. ಮೊದಲ ವಾರವೇ ಸಿಕ್ಕಿದ್ದರೆ ಸಣ್ಣದಾಗಿಯೇ ಉಳಿಯುತ್ತಿತ್ತು. ಆರನೇ ವಾರಕ್ಕೆ ಬರುವಾಗ ಕಳೆದುಕೊಳ್ಳಲು ಒಂದು ದೊಡ್ಡ ಗಂಟೇ ಸೇರಿರುತ್ತದೆ.

ಆ ಗಂಟು ಹೇಗೆ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಸಂವಹನ ವಿದ್ವಾಂಸ ಜೋಸೆಫ್ ವಾಲ್ತರ್ 1996ರಲ್ಲೇ ವಿವರಿಸಿದ್ದರು. ಆಗ ಸ್ಮಾರ್ಟ್‌ಫೋನ್ ಇರಲಿಲ್ಲ, ಇಮೇಲ್ ಕಾಲ. ಬರೆದು ಮಾತಾಡುವಾಗ ಯೋಚಿಸಲು ಸಮಯವಿರುತ್ತದೆ. ಬರೆದದ್ದನ್ನು ಅಳಿಸಿ ಚಂದ ಮಾಡಬಹುದು. ಓದುವವರಿಗೆ ಎದುರಿನವರ ಮುಖ, ದನಿ, ಆಕಳಿಕೆ ಯಾವುದೂ ಕಾಣದು. ಖಾಲಿ ಬಿಟ್ಟ ಜಾಗವನ್ನು ಅವರು ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ, ಆ ಕಲ್ಪನೆಗೆ ತಕ್ಕಂತೆ ಇನ್ನಷ್ಟು ಆಪ್ತವಾಗಿ ಉತ್ತರಿಸುತ್ತಾರೆ. ಆ ಉತ್ತರ ಓದಿ ಇವರೂ ಇನ್ನಷ್ಟು ಚಂದವಾಗುತ್ತಾರೆ. ಹೀಗೆ ಎದುರುಬದುರು ಕೂತವರಿಗಿಂತ ಬೇಗ, ಹೆಚ್ಚು ಆಪ್ತತೆ ಬೆಳೆಯಬಲ್ಲದು ಎಂಬುದು ವಾಲ್ತರ್ ವಾದ.

ಬೆಳೆದ ಆಪ್ತತೆ ಸುಳ್ಳಲ್ಲ. ಆದರೆ ಅದು ಅರ್ಧ ಎದುರಿನವರದು, ಅರ್ಧ ನಮ್ಮದೇ ಸೃಷ್ಟಿ. ಮೈಕಲ್ ನಾರ್ಟನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ, ಆನ್‌ಲೈನಿನಲ್ಲಿ ಪರಿಚಯವಾದವರನ್ನು ಮೊದಲ ಭೇಟಿಗೆ ಮುಂಚೆ ಮತ್ತು ಆಮೇಲೆ ಪ್ರಶ್ನಿಸಲಾಗಿತ್ತು. ಸರಾಸರಿಯಲ್ಲಿ ಭೇಟಿಯ ನಂತರ ಮೆಚ್ಚುಗೆ ಇಳಿದಿತ್ತು. ಆರ್ಟೆಮಿಯೊ ರಾಮಿರೆಜ್ ತಂಡ 2015ರಲ್ಲಿ ಕಂಡದ್ದು ಇನ್ನೊಂದು ಮುಖ: ಸ್ವಲ್ಪ ಕಾಲ ಮೆಸೇಜಿನಲ್ಲಿ ಮಾತಾಡಿ ಸಿಕ್ಕವರಿಗೆ ಆ ಮಾತುಕತೆ ನೆರವಾಗುತ್ತದೆ, ತೀರಾ ತಡಮಾಡಿದವರಿಗೆ ಅದೇ ಅಡ್ಡ ಬರುತ್ತದೆ.

ಮುಂದೂಡುವ ಚಾಳಿ ಮಾತ್ರ ಫೋನಿಗಿಂತ ಬಹಳ ಹಳೆಯದು. 1845ರ ಜನವರಿ 10ರಂದು ಕವಿ ರಾಬರ್ಟ್ ಬ್ರೌನಿಂಗ್, ತಾನು ಒಮ್ಮೆಯೂ ನೋಡಿರದ ಕವಯಿತ್ರಿ ಎಲಿಜಬೆತ್ ಬ್ಯಾರೆಟ್‌ಗೆ ಕಾಗದ ಬರೆದ. ಅವಳಿಗೆ 38, ಅವನಿಗೆ 32. ಕಾಯಿಲೆಯ ಎಲಿಜಬೆತ್ ಲಂಡನ್ನಿನ ವಿಂಪೋಲ್ ಬೀದಿಯ ಮನೆಯ ಕೋಣೆ ಬಿಟ್ಟು ಹೊರಬರುತ್ತಿದ್ದುದೇ ಅಪರೂಪ. ಇಬ್ಬರಿಗೂ ಬೇಕಾದ ಜಾನ್ ಕೆನ್ಯನ್ ಹಿಂದೊಮ್ಮೆ ಭೇಟಿ ಮಾಡಿಸಲು ಹೊರಟು, ಅವಳಿಗೆ ಮೈ ಸರಿಯಿಲ್ಲವೆಂದು ಅದು ತಪ್ಪಿತ್ತು. ಕಾಗದ ಶುರುವಾದ ಮೇಲೆ ಅವಳು ಹೇಳಿದ್ದು ಚಳಿಗಾಲ ಕಳೆಯಲಿ ಎಂದು. ವಸಂತ ಬಂದರೆ ಮೂಡಣ ಗಾಳಿಯ ನೆಪ. ಮೇ ನಡುವಿನ ಒಂದು ಕಾಗದದಲ್ಲಿ ನಿಜವಾದ ಭಯ ಹೊರಬಿತ್ತು: ನನ್ನಲ್ಲಿ ನೋಡುವಂಥದ್ದೂ ಕೇಳುವಂಥದ್ದೂ ಏನಿಲ್ಲ, ಇರುವುದೆಲ್ಲ ನನ್ನ ಕವಿತೆಯಲ್ಲಿದೆ ಎಂಬರ್ಥದ ಮಾತು. ಮೇ 20ರಂದು ಕೊನೆಗೂ ಭೇಟಿ ಆಯಿತು. ಅದಾದ ಮೇಲೆ ಬ್ರೌನಿಂಗ್ ಅವಸರಪಟ್ಟು ಬರೆದ ಒಂದು ಕಾಗದಕ್ಕೆ ಅವಳು ಬೆದರಿದಳು. ಅವನು ಅದನ್ನು ವಾಪಸು ಪಡೆದು ನಾಶ ಮಾಡಿದ. ಮರುವರ್ಷ ಸೆಪ್ಟೆಂಬರ್ 12ರಂದು ಮನೆಯವರಿಗೆ ಹೇಳದೆ ಮದುವೆಯಾದರು.

ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ತೊಡಕು ಬರುತ್ತಿರಲಿಲ್ಲ. ದಿನ ಗೊತ್ತು ಮಾಡುವವರು ಸೋದರಮಾವಂದಿರು. ಕೇಸರಿಬಾತ್ ಆಗಿದೆ, ದೊಡ್ಡಪ್ಪ ರಜೆ ಹಾಕಿದ್ದಾರೆ, ಹುಡುಗನಿಗೆ ಅಂಜಿಕೆ ಎಂದು ಯಾರು ಕೇಳುತ್ತಾರೆ? ಆ ವ್ಯವಸ್ಥೆಯ ಬೇರೆ ಕಷ್ಟಗಳು ಬೇಕಾದಷ್ಟಿವೆ, ಅದು ಬೇರೆ ಮಾತು. ಆ್ಯಪ್‌ಗಳು ಮೊದಲ ಮೆಸೇಜಿಗೆ ಗಡುವು ಹಾಕುವುದುಂಟು, ಬಂಬಲ್‌ನಲ್ಲಿ 24 ಗಂಟೆ. ಭೇಟಿಗೆ ಯಾವ ಗಡುವೂ ಇಲ್ಲ. ಮಾವ ಮಾಡುತ್ತಿದ್ದ ಕೆಲಸವನ್ನು ಅಂಜುವವರೇ ಮಾಡಿಕೊಳ್ಳಬೇಕು.

ಅಂಜಿಕೆಗೂ ಮೋಸಕ್ಕೂ ಇರುವ ವ್ಯತ್ಯಾಸ ನೆಪದ ಗುಣದಲ್ಲಿ ತಿಳಿಯುವುದಿಲ್ಲ, ನೆಪದ ನಂತರದ ನಡತೆಯಲ್ಲಿ ತಿಳಿಯುತ್ತದೆ. ಅಂಜುವವರು ಬೇಡ ಎಂದಾಗ ಇನ್ನೊಂದು ದಿನ ಹೇಳುತ್ತಾರೆ. ಐದು ನಿಮಿಷದ ವಿಡಿಯೋ ಕಾಲ್‌ಗೆ ಹಿಂಜರಿದರೂ ಬರುತ್ತಾರೆ. ದಿನವನ್ನೂ ಹೇಳದೆ, ಪ್ರತಿಸಲ ಕ್ಯಾಮೆರಾ ಕೆಟ್ಟಿದೆ ಎನ್ನುತ್ತ, ನಡುವೆ ಎಲ್ಲೋ ಹಣದ ತುರ್ತು ತಂದವರನ್ನು ನಂಬಬಾರದು. ವಿಡಿಯೋ ಕಾಲ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಕಲ್ಪನೆಯ ಗಂಟನ್ನು ಸ್ವಲ್ಪ ಸಡಿಲಿಸುತ್ತದೆ.

ನಮ್ಮ ಕತೆಯಲ್ಲಿ ಏಳನೇ ವಾರ ಅದು ನಡೆಯಿತು. ಅವನು ಟೋಪಿಯಿಲ್ಲದೆ ಕೂತಿದ್ದ. ಅವಳು ಏನೂ ಹೇಳದೆ ಮರುದಿನ ಬರೆದಳು: ‘ಶನಿವಾರ ಸಂಜೆ ಐದಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ. ಅರ್ಧ ಗಂಟೆ ಮಾತ್ರ, ಆಮೇಲೆ ನಂಗೆ ಕೆಲಸ ಇದೆ.’ ಕೆಲಸ ಏನೂ ಇರಲಿಲ್ಲ. ಹಗಲು ಬೆಳಕು, ಜನರಿರುವ ಜಾಗ, ಮುಗಿಯುವ ಹೊತ್ತು ಮೊದಲೇ ಗೊತ್ತು. ಅಂಜುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಷ್ಟ. ಮೊದಲ ಭೇಟಿಗೇ ಸಿನಿಮಾ, ಊಟ ಎಂದು ಇಡೀ ಸಂಜೆ ಒಪ್ಪಿಕೊಂಡವರು ಹಿಂದಿನ ರಾತ್ರಿಯೇ ಜ್ವರ ಬರಿಸಿಕೊಳ್ಳುತ್ತಾರೆ.

ಅವನು ನೇರಳೆ ಮಾರ್ಗದಲ್ಲಿ ನೇರ ಬಂದ, ಅವಳು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಬಂದಳು. ನಿಲ್ದಾಣಕ್ಕೆ ಬಾಗಿಲು ಒಂದೇ ಅಲ್ಲ ಎಂಬುದನ್ನು ಇಬ್ಬರೂ ಮರೆತಿದ್ದರು. ಹತ್ತು ನಿಮಿಷ ಬೇರೆಬೇರೆ ಬಾಗಿಲಲ್ಲಿ ನಿಂತು, ಕೈಕೊಟ್ಟರು ಎಂದೇ ಇಬ್ಬರೂ ನಂಬಿದರು. ಸಿಕ್ಕ ಮೇಲೆ ‘ನೀವು’ ವಾಪಸು ಬಂತು. ಮೆಸೇಜಿನಲ್ಲಿ ಪಟಪಟ ಉತ್ತರಿಸುತ್ತಿದ್ದವನು ಎದುರಿಗೆ ಎರಡೆರಡು ಸಲ ಗಂಟಲು ಸರಿಮಾಡಿಕೊಂಡ. ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಮಾತಾಡುತ್ತಿದ್ದಳು. ಪಾರ್ಕಿನ ಬೆಂಚಿನ ಮೇಲೆ ಕೂತು ಜೋಳ ತಿನ್ನುವಾಗ ಅವಳೇ ಕೇಳಿದಳು:

‘ಆ ಶನಿವಾರ ನಿಜವಾಗ್ಲೂ ಮಳೆ ಬಂದಿತ್ತಾ?’

‘ಬಂದಿತ್ತು.’ ಸ್ವಲ್ಪ ತಡೆದು, ‘ಹತ್ತು ನಿಮಿಷ. ನಿಮ್ಮ ಗಂಟಲು?’

‘ಗಂಟಲಿಗೇನಾಗಿತ್ತು! ಹೊಟ್ಟೇಲೇ ಕಲಸಿದ ಹಾಗಾಗ್ತಿತ್ತು.’

ಅರ್ಧ ಗಂಟೆ ಒಂದೂಮುಕ್ಕಾಲು ಗಂಟೆಯಾಯಿತು. ಮಂತ್ರ ಹಾಕಿದಂತೆ ಏನೂ ಆಗಲಿಲ್ಲ; ಅವಳಿಗೆ ಅವನ ನಗು ಇಷ್ಟವಾಯಿತು, ಪದೇಪದೇ ಫೋನ್ ನೋಡುವುದು ಇಷ್ಟವಾಗಲಿಲ್ಲ, ಅದನ್ನು ಹೇಳಿಯೂ ಬಿಟ್ಟಳು. ಹೊರಡುವ ಮುಂಚೆ ಅವನು ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನೋಣ, ಶುಕ್ರವಾರ ಬೆಳಿಗ್ಗೆ ಆಗುತ್ತಾ ಎಂದ.

‘ಶುಕ್ರವಾರ ಅವರದು ರಜೆ. ಇದೂ ನೆಪಾನಾ?’ ಎಂದಳು. ಭಾನುವಾರ ಏಳಕ್ಕೆ ಎಂದು ಗೊತ್ತಾಯಿತು.