ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಭಾನುವಾರ ರಾತ್ರಿ ಒಂಬತ್ತೂಕಾಲಿಗೆ ಬೆಂಗಳೂರಿನಲ್ಲಿರುವ ಒಬ್ಬಳು ಶಿವಮೊಗ್ಗದ ತನ್ನ ಕಾಲೇಜು ಗೆಳತಿಗೆ ವಾಟ್ಸಾಪ್‌ನಲ್ಲಿ ಬರೆಯುತ್ತಾಳೆ: ‘ಈ ಕೆಲಸ ಬಿಟ್ಟುಬಿಡೋಣ ಅನ್ನಿಸ್ತಿದೆ ಕಣೇ. ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಕೂಡಲೇ ಎರಡು ಬೂದು ಟಿಕ್ ಬೀಳುತ್ತವೆ. 10.40ಕ್ಕೆ ಅವು ನೀಲಿಯಾಗುತ್ತವೆ. ಸೋಮವಾರವಿಡೀ ಉತ್ತರವಿಲ್ಲ. ಮಧ್ಯಾಹ್ನ ಗೆಳತಿ ಆನ್‌ಲೈನ್ ಕಾಣುತ್ತಾಳೆ, ಸಂಜೆ ಸ್ಟೇಟಸ್ ಕೂಡ ಹಾಕುತ್ತಾಳೆ. ‘ಓದಿಯೂ ಸುಮ್ಮನಿದ್ದಾಳೆ, ನಾನು ಬೇಡವಾಗಿದ್ದೇನೆ’ ಎಂದು ಬೆಂಗಳೂರಿನವಳು ಆ ರಾತ್ರಿಯೇ ತೀರ್ಮಾನಿಸಿಬಿಡುತ್ತಾಳೆ. ಉತ್ತರ ಬರುವುದು ಮಂಗಳವಾರ ಬೆಳಿಗ್ಗೆ ಏಳಕ್ಕೆ.

ಈ ತೀರ್ಮಾನಕ್ಕೆ ಆಧಾರವಾದದ್ದು ಎರಡು ಗೆರೆಗಳ ಬಣ್ಣ ಮತ್ತು ಗಡಿಯಾರ. ಎರಡೂ ಏನನ್ನು ಅಳೆಯುತ್ತವೆ ಎಂದು ಬಿಡಿಸಿ ನೋಡಬೇಕು.

ಒಂದು ಬೂದು ಟಿಕ್ ಎಂದರೆ ಮೆಸೇಜು ನಮ್ಮ ಫೋನಿನಿಂದ ಹೊರಟಿದೆ, ಆ ಕಡೆಯ ಫೋನಿಗೆ ಇನ್ನೂ ಮುಟ್ಟಿಲ್ಲ ಎಂದರ್ಥ. ಫೋನ್ ಆಫ್ ಆಗಿರಬಹುದು, ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿರಬಹುದು. ನಮ್ಮನ್ನು ಬ್ಲಾಕ್ ಮಾಡಿದ್ದರೂ ಕಾಣುವುದು ಇದೇ ಒಂದು ಟಿಕ್. ಎರಡು ಬೂದು ಟಿಕ್ ಬಿದ್ದರೆ ಮೆಸೇಜು ಮುಟ್ಟಿದೆ. ನೀಲಿ ಬಂದದ್ದು 2014ರ ನವೆಂಬರಿನಲ್ಲಿ. ಬೇಡವೆನ್ನುವವರಿಗಾಗಿ ಅದನ್ನು ಆರಿಸಿಡುವ ಸೌಲಭ್ಯವನ್ನೂ ಕಂಪನಿ ಬಹುಬೇಗ ಕೊಡಬೇಕಾಯಿತು. ಸೆಟ್ಟಿಂಗ್ಸ್‌ನಲ್ಲಿ Read receipts ಆರಿಸಿಟ್ಟವರು ನಮ್ಮ ಮೆಸೇಜನ್ನು ಹತ್ತು ಸಲ ಓದಿದರೂ ಟಿಕ್ ಬೂದಾಗಿಯೇ ಉಳಿಯುತ್ತದೆ. ಪರದೆಯ ಮೇಲೆ ಜಾರಿ ಬರುವ ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿಕೊಂಡರೂ ಅಷ್ಟೇ. ಹಾಗಾಗಿ ನೀಲಿಯಾಗಿಲ್ಲ ಎಂದಮಾತ್ರಕ್ಕೆ ಓದಿಲ್ಲ ಎನ್ನುವಂತಿಲ್ಲ.

ನೀಲಿಯಾದದ್ದಾದರೂ ಮನಸ್ಸಿಟ್ಟು ಓದಿದ್ದಕ್ಕೆ ಸಾಕ್ಷಿಯಲ್ಲ. ಆ ಚಾಟ್ ತೆರೆದುಕೊಂಡಿತು, ಅಷ್ಟನ್ನೇ ಅದು ಹೇಳುತ್ತದೆ. ಮಗುವಿನ ಕೈಗೆ ಫೋನ್ ಸಿಕ್ಕಿರಬಹುದು, ಕಚೇರಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇರಬಹುದು. ಮಲಗುವ ಮುಂಚೆ ಅರೆಗಣ್ಣಿನಲ್ಲಿ ಚಾಟ್ ತೆರೆದು, ‘ಇದಕ್ಕೆ ಸಮಾಧಾನವಾಗಿ ಬರೆಯಬೇಕು’ ಎಂದು ಮುಚ್ಚಿಟ್ಟಿರಲೂಬಹುದು. ಈ ಕೊನೆಯದಕ್ಕೆ ನಾನು ವಿಶೇಷ ತೂಕ ಕೊಡುತ್ತೇನೆ. ಒಮ್ಮೆ ತೆರೆದ ಚಾಟ್‌ನ ಮೇಲೆ ಹೊಸ ಮೆಸೇಜಿನ ಹಸಿರು ಸಂಖ್ಯೆ ಉಳಿಯುವುದಿಲ್ಲ, ಮೇಲೆ ಬೇರೆ ಚಾಟ್‌ಗಳು ಬಂದು ಕೂರುತ್ತವೆ, ನಾಳೆ ನೆನಪಿಸುವ ಗುರುತೇ ಇರುವುದಿಲ್ಲ. ಸಮಾಧಾನವಾಗಿ ಉತ್ತರಿಸಬೇಕೆಂದು ಎತ್ತಿಟ್ಟ ಮೆಸೇಜೇ ಹೀಗೆ ಕೆಳಗೆ ಸರಿದುಹೋಗುತ್ತದೆ. ಆನ್‌ಲೈನ್ ಕಂಡದ್ದು, ಸ್ಟೇಟಸ್ ಹಾಕಿದ್ದು ಅವಳ ಕೈಯಲ್ಲಿ ಫೋನ್ ಇತ್ತೆಂಬುದನ್ನಷ್ಟೇ ತೋರಿಸುತ್ತವೆ. ಸ್ಟೇಟಸ್ ಹಾಕಲು ಅರ್ಧ ನಿಮಿಷ ಸಾಕು. ‘ಕೆಲಸ ಬಿಡಲೇ’ ಎಂಬ ಪ್ರಶ್ನೆಗೆ ಉತ್ತರ ಹೊಳೆಯಲು ಅಷ್ಟು ಸಾಲದು.

ಇನ್ನು ಗಡಿಯಾರ. ಭಾನುವಾರ ರಾತ್ರಿ 10.40ರಿಂದ ಮಂಗಳವಾರ ಬೆಳಿಗ್ಗೆ ಏಳರವರೆಗೆ 32 ಗಂಟೆ 20 ನಿಮಿಷ. ಇದು ತಡವೇ? ಯೋರಮ್ ಕಾಲ್ಮನ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆರವಿಗೆ ಬರುತ್ತದೆ. ಕಂಪನಿಯೊಂದರ ನೌಕರರ ಇಮೇಲ್, ವಿದ್ಯಾರ್ಥಿಗಳ ಆನ್‌ಲೈನ್ ಚರ್ಚೆ, ದುಡ್ಡು ಕೊಟ್ಟು ಪ್ರಶ್ನೆ ಕೇಳುವ ತಾಣ ಹೀಗೆ ಮೂರು ಕಡೆಯ ಒಂದೂವರೆ ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಅವರು ಪರಿಶೀಲಿಸಿದರು. ಮೂರರಲ್ಲೂ ಒಂದೇ ವಿನ್ಯಾಸ ಕಂಡಿತು: ಕನಿಷ್ಠ ಶೇ. 70ರಷ್ಟು ಉತ್ತರಗಳು ಉತ್ತರಿಸುವವರ ಸರಾಸರಿ ಸಮಯದೊಳಗೇ ಬಂದಿದ್ದವು, ಸರಾಸರಿಯ ಹತ್ತು ಪಟ್ಟು ಮೀರಿ ಬಂದವು ಹೆಚ್ಚೆಂದರೆ ಶೇ. 4. ವಾಟ್ಸಾಪ್ ಅವರ ಅಧ್ಯಯನದಲ್ಲಿರಲಿಲ್ಲ, ಆದ್ದರಿಂದ ಆ ಸಂಖ್ಯೆಗಳನ್ನು ಯಥಾವತ್ತಾಗಿ ಇಲ್ಲಿಗೆ ಹಚ್ಚಬಾರದು. ಆದರೆ ಅದರ ಹಿಂದಿನ ವಿಚಾರ ಉಪಯುಕ್ತ. ತಡವನ್ನು ಗಂಟೆಗಳಲ್ಲಿ ಅಳೆಯದೆ, ಉತ್ತರಿಸುವವರ ರೂಢಿಗೆ ಹೋಲಿಸಿ ಅಳೆಯಬೇಕು.

ನಮ್ಮ ಬೆಂಗಳೂರಿನವಳು ಹಳೆಯ ಚಾಟ್ ಹಿಂದಕ್ಕೆ ಸರಿಸಿ ತಾನು ಕೇಳಿದ ಹತ್ತು ಪ್ರಶ್ನೆಗಳನ್ನು ನೋಡುತ್ತಾಳೆ ಎನ್ನೋಣ. ಆರಕ್ಕೆ ತಲಾ ಅರ್ಧ ಗಂಟೆಯಲ್ಲಿ ಉತ್ತರ ಬಂದಿದೆ. ಉಳಿದ ನಾಲ್ಕಕ್ಕೆ ಮೂರು, ಏಳು, ಹನ್ನೆರಡು, ಹದಿನೈದು ಗಂಟೆ ಹಿಡಿದಿದೆ. ಒಟ್ಟು 40 ಗಂಟೆ, ಸರಾಸರಿ ನಾಲ್ಕು. ಆ ಲೆಕ್ಕದಲ್ಲಿ 32 ಗಂಟೆ ಎಂಟು ಪಟ್ಟಾಯಿತು, ದೀರ್ಘವೇ. ಆದರೆ ಇನ್ನೊಂದು ಹೆಜ್ಜೆ ಬಾಕಿಯಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂದವು ‘ಬಸ್ಸು ಎಷ್ಟೊತ್ತಿಗೆ’, ‘ಆ ಫೋಟೋ ಕಳಿಸು’ ಎಂಬಂಥವು. ಹನ್ನೆರಡು, ಹದಿನೈದು ಗಂಟೆ ಹಿಡಿದವು ಸಲಹೆ ಕೇಳಿದ ಪ್ರಶ್ನೆಗಳು. ಸಲಹೆಯನ್ನು ಸಲಹೆಯೊಡನೆ ಹೋಲಿಸಿದರೆ ಈ ಸಲದ ತಡ ಎರಡು ಪಟ್ಟಿಗಿಂತ ತುಸು ಹೆಚ್ಚು, ಅದರೊಳಗೆ ಎರಡು ರಾತ್ರಿಯ ನಿದ್ದೆಯೂ ಸೇರಿದೆ. ‘ನಾನು ಬೇಡವಾಗಿದ್ದೇನೆ’ ಎನ್ನಲು ಇಷ್ಟು ಸಾಲುವುದಿಲ್ಲ.

ಬೇಗ ಉತ್ತರಿಸಿದರೆ ಪ್ರೀತಿ, ತಡವಾದರೆ ಉದಾಸೀನ ಎಂಬ ಎಣಿಕೆ ಬಹುಶಃ ಮುಖಾಮುಖಿ ಮಾತಿನಿಂದ ಬಂದದ್ದು. ಅಲ್ಲಿ ಅದಕ್ಕೆ ಆಧಾರವೂ ಇದೆ. ಎದುರಿಗೆ ಕೂತವರು ಚಕ್ಕನೆ ಮಾತು ಹಿಡಿದುಕೊಂಡಷ್ಟೂ ಹತ್ತಿರದವರೆನ್ನಿಸುತ್ತಾರೆ ಎಂದು ಎಮ್ಮಾ ಟೆಂಪಲ್ಟನ್ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು. ಆದರೆ ಅವರೇ ಮರುವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಮಾತಿನ ನಡುವೆ ಬರುವ ದೀರ್ಘ ಬಿಡುವು ಅಪರಿಚಿತರಿಗೆ ಮುಜುಗರ, ಸ್ನೇಹಿತರಿಗೆ ಹಾಗಲ್ಲ. ಎದುರುಬದುರು ಕೂತಾಗಲೇ ಸ್ನೇಹದಲ್ಲಿ ಮೌನಕ್ಕೆ ಬೇರೆ ಅರ್ಥ ಇರುವಾಗ, ಅಡುಗೆ, ಆಫೀಸು, ನಿದ್ದೆಗಳ ನಡುವೆ ಬರುವ ಮೆಸೇಜಿನ ಮೌನವನ್ನು ಒಂದೇ ಅರ್ಥಕ್ಕೆ ಕಟ್ಟಿಹಾಕುವುದು ಅನ್ಯಾಯ.

ಹಾಗಾದರೆ ಆಸಕ್ತಿ ಕಾಣುವುದೆಲ್ಲಿ? ಉತ್ತರದ ಒಳಗೆ. ಮಂಗಳವಾರ ಬೆಳಿಗ್ಗೆ ಬಂದದ್ದು ‘ಹ್ಮ್, ನೋಡು’ ಎಂದಿದ್ದರೆ ಅದು ಐದೇ ನಿಮಿಷದಲ್ಲಿ ಬಂದಿದ್ದರೂ ಬಡ ಉತ್ತರವೇ. ‘ನಿನ್ನೆಯೆಲ್ಲ ಇದೇ ಯೋಚನೆ ಕಣೇ. ಕೈಯಲ್ಲಿ ಇನ್ನೊಂದು ಕೆಲಸ ಇದೆಯಾ? ಆ ಮ್ಯಾನೇಜರ್ ಈಗಲೂ ಹಾಗೇ ಆಡ್ತಾನಾ?’ ಎಂದಿದ್ದರೆ ಅದು ತಡವಾಗಿ ಬಂದ ಒಳ್ಳೆಯ ಉತ್ತರ: ಹಿಂದೆ ಹೇಳಿದ್ದು ನೆನಪಿದೆ, ಮರುಪ್ರಶ್ನೆಯಿದೆ, ಮಾತು ಮುಂದುವರಿಯಲಿ ಎಂಬ ಬಯಕೆಯಿದೆ. ಇದರ ಜೊತೆಗೆ ನಾಲ್ಕೈದು ತಿಂಗಳ ಚಾಟ್ ನೋಡಿ. ಯಾವುದೇ ಕೆಲಸವಿಲ್ಲದೆ ಅವಳಾಗಿಯೇ ಮಾತು ತೆಗೆದದ್ದು ಉಂಟೇ? ತನಗೆ ಬೇಕಾದದ್ದಿದ್ದಾಗ ತಕ್ಷಣ ಬರೆದು, ನಿಮ್ಮ ಕಷ್ಟದ ಮಾತಿಗೆ ಮಾತ್ರ ಪ್ರತಿಸಲ ಮೌನವೇ? ಉತ್ತರಗಳು ತಿಂಗಳಿಂದ ತಿಂಗಳಿಗೆ ಗಿಡ್ಡವಾಗುತ್ತಿವೆಯೇ? ಇವೆಲ್ಲ ಒಟ್ಟಿಗೆ ಕಂಡರೆ ಏನೋ ಬದಲಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಹೀಗೆ ನೋಡುವಾಗ ನಮ್ಮ ಕೈಯೂ ಅದರಲ್ಲಿದೆ ಎಂಬುದು ಮರೆಯಬಾರದು. ‘ಅವಳು ಎರಡು ದಿನ ಕಾಯಿಸಿದಳು, ನಾನೂ ಕಾಯಿಸುತ್ತೇನೆ’ ಎನ್ನುವವರನ್ನು ಬಹಳ ನೋಡಿದ್ದೇನೆ. ಮಾತುಕತೆಯಲ್ಲಿ ಇಬ್ಬರ ವೇಗವೂ ಕ್ರಮೇಣ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ನೀವು ಬೇಕೆಂದೇ ನಿಧಾನಿಸಿದರೆ ಅವಳೂ ನಿಧಾನಿಸುತ್ತಾಳೆ, ಆಮೇಲೆ ನೀವು ಅಳೆಯುವುದು ನಿಮ್ಮದೇ ಮುನಿಸನ್ನು.

ಬದಲಾವಣೆ ನಿಜವೆಂದು ಖಚಿತವಾದ ಮೇಲೂ ಅದರ ಕಾರಣ ಚಾಟ್‌ನಲ್ಲಿ ಸಿಗುವುದಿಲ್ಲ. ಆಸಕ್ತಿ ಕಳೆದುಕೊಂಡವಳೂ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವಳೂ, ಖಿನ್ನತೆಯಲ್ಲಿ ಯಾರಿಗೂ ಬರೆಯಲಾರದೆ ಇರುವವಳೂ ಪರದೆಯ ಮೇಲೆ ಒಂದೇ ತರಹ ಕಾಣುತ್ತಾರೆ: ನೀಲಿ ಟಿಕ್, ಗಿಡ್ಡ ಉತ್ತರ, ಉದ್ದದ ಬಿಡುವು. ತಡವಾಯಿತೆಂಬ ಸಂಕೋಚವೇ ಇನ್ನಷ್ಟು ತಡಕ್ಕೆ ಕಾರಣವಾಗುವುದೂ ಉಂಟು. ಇಂಥಲ್ಲಿ ‘ನೋಡಿಯೂ ರಿಪ್ಲೈ ಮಾಡಲ್ವಲ್ಲ’ ಎಂಬ ದೂರು ಬಾಗಿಲು ಮುಚ್ಚುತ್ತದೆ. ‘ಉತ್ತರಕ್ಕೆ ಅವಸರವಿಲ್ಲ ಕಣೇ, ನೀನು ಹೇಗಿದ್ದೀಯ ಅಷ್ಟು ಹೇಳು’ ಎಂಬ ಒಂದು ಸಾಲಿಗೆ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಅದಕ್ಕೂ ಉತ್ತರ ಬಾರದಿದ್ದರೆ ಭಾನುವಾರ ಮಧ್ಯಾಹ್ನ ಒಂದು ಫೋನ್ ಮಾಡಿ. ಮೊದಲ ಎರಡು ನಿಮಿಷದ ದನಿಯಲ್ಲಿ ದಣಿವು ಯಾವುದು, ದೂರ ಯಾವುದು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.